ರೋಲರ್ ಮೇಲೆ 21, ರಸ್ತೆ ಮೇಲೆ 13

ನಮ್ಮ ಬೀದಿಯಲ್ಲಿ ಯಾರೇ ಹೊಸ ಕಾರು ತರಲಿ, ಪೂಜೆಯ ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಗುವ ಮೊದಲೇ ಆ ಪ್ರಶ್ನೆ ಬಂದುಬಿಡುತ್ತದೆ: ‘ಎಷ್ಟು ಕೊಡುತ್ತೆ?’ ಕಾರಿನವರು ಹೆಮ್ಮೆಯಿಂದ ‘ಕಂಪನಿಯವರು 21 ಅಂತಾರೆ’ ಎನ್ನುತ್ತಾರೆ. ಎರಡು ತಿಂಗಳ ನಂತರ ಅವರನ್ನೇ ಮತ್ತೆ ಕೇಳಿ. ‘ಅಯ್ಯೋ, 13 ದಾಟ್ತಾ ಇಲ್ಲ ಸಾರ್. ಮೊದಲ ಸರ್ವಿಸ್‌ನಲ್ಲಿ ಕೇಳಿದರೆ, ನೀವು ಓಡಿಸೋ ರೀತಿ ಅಂತಾರೆ’ ಎಂದು ಮುಖ ಸಣ್ಣ ಮಾಡುತ್ತಾರೆ. ಮಾಲೀಕರಿಗೆ ಕಂಪನಿ ಸುಳ್ಳು ಹೇಳಿತೆಂಬ ಸಿಟ್ಟು, ಸರ್ವಿಸ್ ಸೆಂಟರ್‌ಗೆ ಮಾಲೀಕರ ಬಲಗಾಲಿನ ಮೇಲೆ ಅನುಮಾನ.

ಬಹುತೇಕ ಸಂದರ್ಭಗಳಲ್ಲಿ ಇಬ್ಬರದೂ ತಪ್ಪಿರುವುದಿಲ್ಲ. ಆ 21 ಎಂಬ ಅಂಕಿ ಕಾರು ನಮ್ಮ ರಸ್ತೆಯಲ್ಲಿ ಇಷ್ಟು ಕೊಡುತ್ತದೆ ಎಂಬ ವಾಗ್ದಾನವಾಗಿ ಹುಟ್ಟಿದ್ದಲ್ಲ. ಒಂದು ಕೋಣೆಯೊಳಗೆ, ನಿಂತ ಜಾಗದಲ್ಲೇ, ಬರೀ 20 ನಿಮಿಷ ಓಡಿದ ಕಾರಿನ ಅಳತೆ ಅದು. ಆ 20 ನಿಮಿಷಗಳಲ್ಲಿ ಏನೇನು ನಡೆಯುತ್ತದೆ, ಏನೇನು ನಡೆಯುವುದಿಲ್ಲ ಎಂದು ತಿಳಿದರೆ 21 ಹೇಗೆ 13 ಆಯಿತು ಎಂಬುದನ್ನು ಲೀಟರ್ ಲೆಕ್ಕದಲ್ಲೇ ಬಿಡಿಸಬಹುದು.

ಕದಲದೆ ಓಡುವ ಕಾರು

ಕಂಪನಿ ಹೇಳುವ ಮೈಲೇಜನ್ನು ನಾವೆಲ್ಲ ‘ಎಆರ್‌ಎಐ ಮೈಲೇಜ್’ ಎನ್ನುತ್ತೇವೆ. ಪುಣೆಯಲ್ಲಿರುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾದ ಹೆಸರು ಅದಕ್ಕೆ ಅಂಟಿಕೊಂಡಿದೆ. ಹರಿಯಾಣದ ಮಾನೇಸರ್‌ನಲ್ಲಿರುವ ಐಕ್ಯಾಟ್‌ನಂಥ ಸಂಸ್ಥೆಗಳೂ ಇದೇ ಪರೀಕ್ಷೆ ನಡೆಸುತ್ತವೆ. ಹೊಸ ಮಾದರಿಯ ಕಾರು ಮಾರಾಟಕ್ಕೆ ಬರುವ ಮೊದಲು ಹೊಗೆಯ ಪರೀಕ್ಷೆ ಪಾಸಾಗಬೇಕು. ಮೈಲೇಜ್ ಅಂಕಿ ಸಿಗುವುದು ಆ ಪರೀಕ್ಷೆಯ ಜೊತೆಯಲ್ಲೇ.

ಪರೀಕ್ಷೆಗೆ ಮೊದಲು ಕಾರನ್ನು 20ರಿಂದ 30 ಡಿಗ್ರಿ ಸೆಲ್ಸಿಯಸ್‌ ಉಷ್ಣಾಂಶದ ಕೋಣೆಯಲ್ಲಿ ಕೆಲವು ಗಂಟೆ ನಿಲ್ಲಿಸಿಡುತ್ತಾರೆ. ಇಂಜಿನ್, ಆಯಿಲ್, ಟೈರು ಎಲ್ಲವೂ ಕೋಣೆಯ ಹದಕ್ಕೆ ಬರಬೇಕು. ಆಮೇಲೆ ಅದರ ಚಾಲಕ ಚಕ್ರಗಳನ್ನು ನೆಲದಲ್ಲಿ ಹುಗಿದಿಟ್ಟ ದೊಡ್ಡ ಉಕ್ಕಿನ ರೋಲರ್‌ಗಳ ಮೇಲೆ ಕೂರಿಸುತ್ತಾರೆ. ಇದೇ ಚಾಸಿಸ್ ಡೈನಮೋಮೀಟರ್. ಜಿಮ್‌ನ ಟ್ರೆಡ್‌ಮಿಲ್‌ನ ಕಾರಿನ ಆವೃತ್ತಿ ಎನ್ನಿ. ಮುಂದೆ ಒಂದು ಫ್ಯಾನು ರೇಡಿಯೇಟರ್‌ಗೆ ಗಾಳಿ ಊದುತ್ತದೆ. ಚಾಲಕನ ಎದುರಿಗೆ ಒಂದು ಪರದೆ ಇರುತ್ತದೆ. ಅದರಲ್ಲಿ ಒಂದು ಗೆರೆ ಏರುತ್ತ ಇಳಿಯುತ್ತ ಸಾಗುತ್ತದೆ, ಕಾರಿನ ವೇಗ ಆ ಗೆರೆಯನ್ನು ಬಿಟ್ಟು ಗಂಟೆಗೆ ಸುಮಾರು 2 ಕಿ.ಮೀ.ಗಿಂತ ಆಚೀಚೆ ಹೋಗಬಾರದು. ಎಸಿ ಬಂದ್, ಹೆಡ್‌ಲೈಟ್ ಬಂದ್, ಹಾಡೂ ಬಂದ್.

ಆ ಗೆರೆಯ ಹೆಸರು ‘ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್’. ಹೆಸರಲ್ಲಿ ಇಂಡಿಯನ್ ಇದ್ದರೂ ಅದರ ಮೂಲ ಯುರೋಪು. ಮೊದಲ ಭಾಗ ಊರೊಳಗಿನ ಓಡಾಟದ್ದು, 1970ರಲ್ಲಿ ಯುರೋಪಿನ ಹೊಗೆ ನಿಯಮಕ್ಕಾಗಿ ಬರೆದ ಗೆರೆ. ಅದು ಹೀಗಿದೆ: ಸ್ವಲ್ಪ ಹೊತ್ತು ನಿಂತಿರು, ಗಂಟೆಗೆ 15 ಕಿ.ಮೀ. ವೇಗಕ್ಕೆ ಹೋಗು, ಅದೇ ವೇಗದಲ್ಲಿ ಸಾಗು, ನಿಲ್ಲು. 21 ಸೆಕೆಂಡ್ ಕಾದು 32ಕ್ಕೆ ಹೋಗು, ನಿಲ್ಲು. ಮತ್ತೆ 21 ಸೆಕೆಂಡ್ ಕಾದು 50ಕ್ಕೆ ಹೋಗು, 35ಕ್ಕೆ ಇಳಿ, ನಿಲ್ಲು. ಒಟ್ಟು 195 ಸೆಕೆಂಡ್, ಸುಮಾರು ಒಂದು ಕಿಲೋಮೀಟರ್. ಇದನ್ನು ನಾಲ್ಕು ಸಲ ಓಡಬೇಕು. ಅದರ ಬೆನ್ನಿಗೇ 400 ಸೆಕೆಂಡಿನ ಊರಾಚೆಯ ಭಾಗ ಬರುತ್ತದೆ. ಯುರೋಪಿನ ಮೂಲದಲ್ಲಿ ಇದರ ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಇತ್ತು, ಭಾರತದ ಆವೃತ್ತಿಯಲ್ಲಿ 90ಕ್ಕೆ ನಿಲ್ಲಿಸಿದ್ದಾರೆ. ಎಲ್ಲ ಸೇರಿ 1180 ಸೆಕೆಂಡ್, ಸುಮಾರು 10.6 ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಚಿಲ್ಲರೆ.

ಈ ಗೆರೆಯ ಸ್ವಭಾವ ನೋಡಿ. ನಿಂತಲ್ಲಿಂದ 50 ಮುಟ್ಟಲು ಅದು 26 ಸೆಕೆಂಡ್ ಕೊಡುತ್ತದೆ. ನಮ್ಮೂರಿನ ಸಿಗ್ನಲ್‌ನಲ್ಲಿ ಹಸಿರು ಬಂದಾಗ 26 ಸೆಕೆಂಡ್ ತೆಗೆದುಕೊಂಡು 50 ಮುಟ್ಟುವವನ ಹಿಂದೆ ಎಷ್ಟು ಹಾರನ್ ಮೊಳಗಬಹುದು ಎಂದು ಊಹಿಸಿ. ಏರಿದ ವೇಗದಲ್ಲಿ ಕಾರು ಒಂದಿಷ್ಟೂ ಅಲುಗದೆ ಸಾಗುತ್ತದೆ, ಇಳಿಯುವಾಗ ನಿಧಾನವಾಗಿ ಇಳಿಯುತ್ತದೆ. ಆಟೋ ಅಡ್ಡ ಬರುವುದಿಲ್ಲ, ಹಂಪ್ ಸಿಗುವುದಿಲ್ಲ, ಬಸ್ಸು ನಡುರಸ್ತೆಯಲ್ಲಿ ನಿಲ್ಲುವುದಿಲ್ಲ.

ಪೆಟ್ರೋಲನ್ನು ಅಳೆಯುವುದೇ ಇಲ್ಲ

ಇಷ್ಟೆಲ್ಲ ಓಡಿಸಿ ಕೊನೆಗೆ ಟ್ಯಾಂಕಿನಲ್ಲಿ ಎಷ್ಟು ಕಡಿಮೆಯಾಯಿತೆಂದು ನೋಡುತ್ತಾರೆ ಎಂದುಕೊಂಡರೆ ತಪ್ಪು. ಹತ್ತು ಕಿಲೋಮೀಟರಿಗೆ ಖರ್ಚಾಗುವುದು ಅರ್ಧ ಲೀಟರ್, ಅದನ್ನು ಟ್ಯಾಂಕಿನಿಂದ ನಿಖರವಾಗಿ ಅಳೆಯುವುದು ಕಷ್ಟ. ಅದರ ಬದಲು ಸೈಲೆನ್ಸರ್‌ನಿಂದ ಬರುವ ಹೊಗೆಗೆ ಶುದ್ಧ ಗಾಳಿ ಬೆರೆಸಿ, ಅದರ ಒಂದು ಪಾಲನ್ನು ದೊಡ್ಡ ಚೀಲಗಳಲ್ಲಿ ತುಂಬಿಕೊಳ್ಳುತ್ತಾರೆ. ಚೀಲದಲ್ಲಿ ಇಂಗಾಲದ ಡೈಆಕ್ಸೈಡ್, ಮೊನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಇಂಜಿನ್ನಿಗೆ ಹೋದ ಇಂಗಾಲವೆಲ್ಲ ಪೆಟ್ರೋಲಿನದೇ, ಅದು ಹೊರಬರುವುದು ಹೊಗೆಯಲ್ಲೇ. ಹಾಗಾಗಿ ಹೊಗೆಯ ಇಂಗಾಲವನ್ನು ಕೂಡಿದರೆ ಎಷ್ಟು ಪೆಟ್ರೋಲ್ ಸುಟ್ಟಿತೆಂದು ತಿಳಿಯುತ್ತದೆ.

ಈ ಲೆಕ್ಕವನ್ನು ನಾವೂ ಮಾಡಬಹುದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಸುಟ್ಟರೆ ಸುಮಾರು 2,310 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪರೀಕ್ಷೆಯಲ್ಲಿ ಕಾರು ಕಿಲೋಮೀಟರಿಗೆ 110 ಗ್ರಾಂ ಉಗುಳಿತು ಎನ್ನಿ. 2,310ನ್ನು 110ರಿಂದ ಭಾಗಿಸಿದರೆ 21. ಶೋರೂಮಿನ ಕರಪತ್ರದಲ್ಲಿ ಕಾಣುವ ಅಂಕಿ ಇದೇ. ಅಂದರೆ ಆ 21 ಬಲು ನಿಖರವಾದ ಅಳತೆಯೇ, ಅದೇ ಕಾರನ್ನು ಮರುದಿನ ಅದೇ ರೋಲರ್ ಮೇಲೆ ಓಡಿಸಿದರೆ ಹೆಚ್ಚು ಕಡಿಮೆ ಅದೇ ಅಂಕಿ ಬರುತ್ತದೆ. ಪರೀಕ್ಷೆಯ ಉದ್ದೇಶವೂ ಅದೇ. ಹತ್ತು ಕಂಪನಿಗಳ ಕಾರುಗಳನ್ನು ಹತ್ತು ರಸ್ತೆಗಳಲ್ಲಿ ಓಡಿಸಿ ಹೋಲಿಸಲಾಗದು, ಒಂದೇ ಗೆರೆಯ ಮೇಲೆ ಓಡಿಸಿ ಹೋಲಿಸಬಹುದು.

ಹನ್ನೆರಡು ಕಿಲೋಮೀಟರಿನ ಲೆಕ್ಕ

ಈಗ ಆ 21ರ ಕಾರನ್ನು ಬೆಂಗಳೂರಿನ ರಸ್ತೆಗೆ ಇಳಿಸೋಣ. ಜಯನಗರದ ಮನೆ, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ 12 ಕಿ.ಮೀ. ದೂರದಲ್ಲಿ ಆಫೀಸು. 1.2 ಲೀಟರ್ ಪೆಟ್ರೋಲ್ ಇಂಜಿನ್ನಿನ ಸಣ್ಣ ಕಾರು, ಬೆಳಗಿನ ಹೊತ್ತು, 45 ನಿಮಿಷದ ದಾರಿ. ಇದು ಅತಿಯೇನೂ ಅಲ್ಲ, ಮಳೆ ಬಂದ ದಿನ 45 ನಿಮಿಷಕ್ಕೆ ತಲುಪಿದವರು ದೇವರಿಗೆ ಕೈಮುಗಿಯುತ್ತಾರೆ.

ಪ್ರಯೋಗಾಲಯದ ಲೆಕ್ಕದಲ್ಲಿ ಈ 12 ಕಿಲೋಮೀಟರಿಗೆ 0.57 ಲೀಟರ್ ಸಾಕು. ಅಲ್ಲಿನ ಸರಾಸರಿ ವೇಗದಲ್ಲಿ ಇದು 22 ನಿಮಿಷದ ದಾರಿ, ಅದರಲ್ಲಿ ಸುಮಾರು 5 ನಿಮಿಷ ಇಂಜಿನ್ ಸುಮ್ಮನೆ ಉರಿಯುತ್ತ ನಿಂತಿರುತ್ತದೆ. ನಮ್ಮ 45 ನಿಮಿಷದಲ್ಲಿ ನಿಂತದ್ದು 17 ನಿಮಿಷ ಎಂದು ಹಿಡಿಯೋಣ. ಅಂದರೆ 12 ನಿಮಿಷ ಹೆಚ್ಚು. ಇಂಥ ಇಂಜಿನ್ ನಿಂತಲ್ಲೇ ಉರಿದರೆ ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತದೆ. 12 ನಿಮಿಷಕ್ಕೆ 0.14 ಲೀಟರ್ ಆಯಿತು. ಆ ಹೊತ್ತಿನಲ್ಲಿ ಮೀಟರ್ ಒಂದಿಂಚೂ ಮುಂದೆ ಹೋಗಿಲ್ಲ. ಮೈಲೇಜ್ ಎಂಬ ಭಿನ್ನರಾಶಿಯಲ್ಲಿ ಕೆಳಗಿನ ಸಂಖ್ಯೆ ಮಾತ್ರ ಬೆಳೆಯಿತು.

ಇನ್ನು ಎಸಿ. ಅದರ ಕಂಪ್ರೆಸರ್ ತಿರುಗುವುದು ಇಂಜಿನ್ನಿನ ಬಲದಿಂದ. ಬಿಸಿಲಿನ ದಿನ ಅದು ಗಂಟೆಗೆ ಸರಾಸರಿ 0.3 ಲೀಟರ್ ಹೆಚ್ಚುವರಿ ಕೇಳುತ್ತದೆ ಎಂದು ಇಟ್ಟುಕೊಂಡರೂ 45 ನಿಮಿಷಕ್ಕೆ 0.22 ಲೀಟರ್. ಇಲ್ಲೊಂದು ಸೂಕ್ಷ್ಮವಿದೆ. ಎಸಿಯ ಖರ್ಚು ಗಂಟೆಯ ಲೆಕ್ಕದ್ದು, ಕಿಲೋಮೀಟರ್ ಲೆಕ್ಕದ್ದಲ್ಲ. ಮೈಸೂರು ಹೆದ್ದಾರಿಯಲ್ಲಿ 45 ನಿಮಿಷ ಎಸಿ ಹಾಕಿದರೆ ಅದೇ 0.22 ಲೀಟರ್ 60 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಹಂಚಿಹೋಗಿ ಗೊತ್ತೇ ಆಗುವುದಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಅಷ್ಟನ್ನೂ 12 ಕಿಲೋಮೀಟರೇ ಹೊರಬೇಕು.

ಮೂರನ್ನೂ ಕೂಡಿ: 0.57, 0.14, 0.22. ಒಟ್ಟು 0.93 ಲೀಟರ್. 12ನ್ನು 0.93ರಿಂದ ಭಾಗಿಸಿದರೆ ಲೀಟರಿಗೆ 13 ಕಿಲೋಮೀಟರಿಗಿಂತ ಒಂದು ಕೂದಲೆಳೆ ಕಡಿಮೆ. ಕಾರಿನಲ್ಲಿ ಯಾವ ದೋಷವೂ ಇಲ್ಲ, ಚಾಲಕನ ಕಾಲಿನಲ್ಲೂ ಇಲ್ಲ. 21 ಎಂಬುದು 13 ಆಗಲು ಕಾಯುವಿಕೆ ಮತ್ತು ತಂಪು ಎರಡೇ ಸಾಕಾದವು.

ಇದರಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ಹೊರಡುವ ಖರ್ಚನ್ನು ಇನ್ನೂ ಸೇರಿಸಿಲ್ಲ. ಜನ ಕೂತ ಸಣ್ಣ ಕಾರು ಸುಮಾರು 1,100 ಕೆ.ಜಿ. ತೂಗುತ್ತದೆ. ಅದನ್ನು ನಿಂತಲ್ಲಿಂದ 30 ಕಿ.ಮೀ. ವೇಗಕ್ಕೆ ತರಲು ಬೇಕಾದ ಪೆಟ್ರೋಲ್ ಸುಮಾರು 5 ಮಿಲಿಲೀಟರ್, ಒಂದು ಟೀ ಚಮಚ. ಮುಂದಿನ ಕಾರು ನಿಂತಿತೆಂದು ಬ್ರೇಕ್ ಒತ್ತಿದಿರಿ, ಆ ಚಮಚ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಯಿತು. ಪ್ರಯೋಗಾಲಯದಲ್ಲೂ ಕಾರು ನಿಂತು ಹೊರಡುತ್ತದೆ, ಆದರೆ ಸುಮಾರು ಕಿಲೋಮೀಟರಿಗೆ ಒಂದೇ ಸಲ. ನಮ್ಮಲ್ಲಿ ಒಂದು ಜಂಕ್ಷನ್ ದಾಟುವುದರೊಳಗೆ ಹತ್ತು ಚಮಚ ಚೆಲ್ಲಿರುತ್ತೇವೆ. ನಿಧಾನ ವೇಗದಲ್ಲಿ ಗಾಳಿಯ ತಡೆ ಕಡಿಮೆ ಎಂಬ ಲಾಭ ಒಂದಿಷ್ಟು ಸಿಗುತ್ತದೆ, ಆದರೆ ಈ ಚಮಚಗಳ ಮುಂದೆ ಅದು ಬಹಳ ದೊಡ್ಡದಲ್ಲ. ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ತಿರುಗಿಸಿಕೊಳ್ಳುವ, ನಿಂತಾಗ ಇಂಜಿನ್ ಆರಿಸುವ ಹೈಬ್ರಿಡ್ ಕಾರುಗಳು ಊರೊಳಗೆ ಒಳ್ಳೆಯ ಮೈಲೇಜ್ ಕೊಡುವುದು ಇದೇ ಕಾರಣಕ್ಕೆ.

ಗಾಳಿ ಮತ್ತು ಘಾಟಿ

ಹೆದ್ದಾರಿಗೆ ಬಂದರೆ ಕತೆ ಬೇರೆ. ಅಲ್ಲಿನ ಎದುರಾಳಿ ಗಾಳಿ. ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ 25, ಗಾಳಿಯ ತಡೆ ಹೆಚ್ಚಿದ್ದು ಶೇ 56. ಟೈರಿನ ಉರುಳುವಿಕೆಯ ತಡೆ ಹೆಚ್ಚು ಬದಲಾಗುವುದಿಲ್ಲ, ಅದನ್ನೂ ಸೇರಿಸಿ ನೋಡಿದರೆ ಸಣ್ಣ ಕಾರೊಂದು ಪ್ರತಿ ಕಿಲೋಮೀಟರಿಗೆ ಮಾಡಬೇಕಾದ ಕೆಲಸ ಸುಮಾರು ಮೂರನೇ ಒಂದು ಪಾಲು ಏರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿ 100. ನಮ್ಮ ಪರೀಕ್ಷೆಯ ಗೆರೆ 90 ದಾಟುವುದೇ ಇಲ್ಲ, ಅದನ್ನು ಮುಟ್ಟುವುದೂ ಕೊನೆಯಲ್ಲಿ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ 100ರಲ್ಲಿ ಸಾಗುವವರ ಅನುಭವ ಆ ಅಂಕಿಯಲ್ಲಿ ಇಲ್ಲವೇ ಇಲ್ಲ. ಅದೇ ಹೆದ್ದಾರಿಯಲ್ಲಿ ಎಡಬದಿಗೆ 70–75ರಲ್ಲಿ ಟಾಪ್ ಗೇರಿನಲ್ಲಿ ತಣ್ಣಗೆ ಹೋಗುವವರಿಗೆ ಕಂಪನಿ ಹೇಳಿದ 21 ಸಿಗುವುದುಂಟು, ದಾಟುವುದೂ ಉಂಟು. ‘ನನ್ನ ಕಾರು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರು ಯಾವಾಗ ಹೋದರು, ಹೇಗೆ ಹೋದರು ಎಂಬುದನ್ನಷ್ಟೇ ಹೇಳುತ್ತಿಲ್ಲ.

ರೋಲರ್‌ಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಏರು. ಘಾಟಿಯಲ್ಲಿ 800 ಮೀಟರ್ ಮೇಲೇರುವ ಕಾರು ತನ್ನ 1,100 ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಎತ್ತಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗದಷ್ಟೇ. ಆ ಲೆಕ್ಕದಲ್ಲಿ ಬರೀ ಎತ್ತುವ ಕೆಲಸಕ್ಕೆ ಸುಮಾರು ಒಂದು ಲೀಟರ್ ಹೋಗುತ್ತದೆ. ಇಳಿಯುವಾಗ ಗೇರಿನಲ್ಲೇ ಇಳಿದರೆ ಇಂಜಿನ್ ಪೆಟ್ರೋಲ್ ನಿಲ್ಲಿಸಿ ಒಂದಿಷ್ಟು ಉಳಿಸುತ್ತದೆ, ಬ್ರೇಕಿಗೆ ಹೋದದ್ದು ಮರಳುವುದಿಲ್ಲ. ಧರ್ಮಸ್ಥಳಕ್ಕೆ ಹೋಗುವಾಗಿನ ಮೈಲೇಜ್ ಬರುವಾಗ ಬಿದ್ದುಹೋಯಿತೆಂದು ಗಾಬರಿಯಾಗುವವರು ದಾರಿಯಲ್ಲಿದ್ದ ಘಾಟಿಯನ್ನು ನೆನಪಿಸಿಕೊಂಡರೆ ಸಾಕು.

ಪರೀಕ್ಷೆಗೆಂದೇ ಓದಿದ ಕಾರು

ಇಲ್ಲಿಯವರೆಗೆ ಹೇಳಿದ್ದು ಯಾರ ತಪ್ಪೂ ಅಲ್ಲದ ಅಂತರ. ಪ್ರಶ್ನೆಪತ್ರಿಕೆ ವರ್ಷ ವರ್ಷವೂ ಒಂದೇ ಆಗಿದ್ದರೆ ಮಕ್ಕಳು ಏನು ಮಾಡುತ್ತಾರೋ ಕಂಪನಿಗಳೂ ಅದನ್ನೇ ಮಾಡುತ್ತವೆ. ಯುರೋಪಿನಲ್ಲಿ ಇದು ಅಂಕಿಯಲ್ಲೇ ಕಂಡಿತು. ಐಸಿಸಿಟಿ ಎಂಬ ಸಂಶೋಧನಾ ಸಂಸ್ಥೆ ಲಕ್ಷಾಂತರ ಕಾರುಗಳ ರಸ್ತೆಯ ಖರ್ಚನ್ನು ಅಧಿಕೃತ ಅಂಕಿಗಳೊಂದಿಗೆ ಹೋಲಿಸಿತು. 2001ರ ಕಾರುಗಳು ಅಧಿಕೃತ ಅಂಕಿಗಿಂತ ಸರಾಸರಿ ಶೇ 9ರಷ್ಟು ಹೆಚ್ಚು ಇಂಧನ ಕುಡಿಯುತ್ತಿದ್ದವು, 2015ರ ಕಾರುಗಳು ಶೇ 42ರಷ್ಟು. ಹದಿನಾಲ್ಕು ವರ್ಷಗಳಲ್ಲಿ ಯುರೋಪಿನವರ ಬಲಗಾಲು ಅಷ್ಟು ಭಾರವಾಗಿರಲು ಸಾಧ್ಯವಿಲ್ಲ. ಬದಲಾದದ್ದು ಒತ್ತಡ. ಇಂಗಾಲದ ಮಿತಿ ಬಿಗಿಯಾದಂತೆ, ತೆರಿಗೆ ಅದರ ಮೇಲೆ ನಿಂತಂತೆ, ಪರೀಕ್ಷೆಯ ಗೆರೆಯಲ್ಲಿ ಒಂದೊಂದು ಗ್ರಾಂ ಉಳಿಸುವುದು ಎಂಜಿನಿಯರ್‌ಗಳ ಕಸುಬಾಯಿತು.

ಸಿಗ್ನಲ್‌ನಲ್ಲಿ ತಾನಾಗಿ ಆರುವ ಇಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಪರೀಕ್ಷೆಯ ಸಮಯದಲ್ಲಿ ಸುಮಾರು ಕಾಲು ಭಾಗ ಕಾರು ನಿಂತೇ ಇರುತ್ತದೆ, ಎಸಿ ಬಂದ್ ಆಗಿರುತ್ತದೆ. ಆಗ ಇಂಜಿನ್ ಆರಿದರೆ ಅಂಕ ಖಚಿತ. ಏಪ್ರಿಲ್ ಬಿಸಿಲಿನಲ್ಲಿ ಎಸಿ ತಂಪು ಉಳಿಸಿಕೊಳ್ಳಲೆಂದು ಅದೇ ಇಂಜಿನ್ ಆರದೆ ಉರಿಯುತ್ತಿರುತ್ತದೆ ಅಥವಾ ಬೇಗನೆ ಮತ್ತೆ ಹೊತ್ತಿಕೊಳ್ಳುತ್ತದೆ. ಮಾಡಿದ್ದು ಮೋಸವಲ್ಲ, ಉಪಕರಣ ನಿಜವಾದದ್ದೇ, ಅದರ ಲಾಭ ಮಾತ್ರ ಪ್ರಯೋಗಾಲಯದಲ್ಲಿ ಹೆಚ್ಚು, ರಸ್ತೆಯಲ್ಲಿ ಕಡಿಮೆ.

ಇದಕ್ಕಿಂತ ಒಳಗಿನ ಒಂದು ಮೂಲೆಯಿದೆ. ರೋಲರ್ ಮೇಲೆ ನಿಂತ ಕಾರಿಗೆ ಎದುರುಗಾಳಿಯ ತಡೆ ಇರುವುದಿಲ್ಲ. ರಸ್ತೆಯಲ್ಲಿ ಅದು ಎದುರಿಸುವ ತಡೆಯನ್ನು ರೋಲರ್‌ಗೆ ಮೊದಲೇ ಕಲಿಸಿಕೊಡಬೇಕು. ಅದಕ್ಕಾಗಿ ಸಮತಟ್ಟಾದ ಟ್ರ್ಯಾಕಿನಲ್ಲಿ ಕಾರನ್ನು ವೇಗಕ್ಕೆ ತಂದು, ನ್ಯೂಟ್ರಲ್‌ಗೆ ಹಾಕಿ, ತಾನಾಗಿ ಉರುಳಲು ಬಿಡುತ್ತಾರೆ. ಎಷ್ಟು ಬೇಗ ನಿಧಾನವಾಯಿತು ಎಂಬುದರಿಂದ ಗಾಳಿ ಮತ್ತು ಟೈರಿನ ತಡೆ ಎಷ್ಟೆಂದು ತಿಳಿಯುತ್ತದೆ. ಇದಕ್ಕೆ ‘ಕೋಸ್ಟ್ ಡೌನ್’ ಎನ್ನುತ್ತಾರೆ. ಇಲ್ಲಿ ತಡೆ ಕಡಿಮೆ ಬರೆದರೆ ರೋಲರ್ ಹಗುರವಾಗಿ ತಿರುಗುತ್ತದೆ, ಆಮೇಲೆ ಎಷ್ಟೇ ಪ್ರಾಮಾಣಿಕವಾಗಿ ಪರೀಕ್ಷೆ ನಡೆದರೂ ಮೈಲೇಜ್ ಹೆಚ್ಚೇ ಬರುತ್ತದೆ. 2012ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹ್ಯುಂಡೈ ಮತ್ತು ಕಿಯಾ ಕಂಪನಿಗಳ ಅಂಕಿ ತಪ್ಪೆಂದು ಹಿಡಿದದ್ದು ಇಲ್ಲೇ. ಅನೇಕ ಸಲ ಮಾಡಿದ ಪರೀಕ್ಷೆಗಳ ಸರಾಸರಿ ತೆಗೆದುಕೊಳ್ಳುವ ಬದಲು ತಮಗೆ ಅನುಕೂಲವಾದ ಫಲಿತಾಂಶಗಳನ್ನು ಆರಿಸಿಕೊಂಡಿದ್ದಾರೆ ಎಂಬುದು ಸಂಸ್ಥೆಯ ಆಕ್ಷೇಪ. ಅಲ್ಲಿ ಸುಮಾರು 9 ಲಕ್ಷ ಕಾರುಗಳ ಅಂಕಿಯನ್ನು ಇಳಿಸಬೇಕಾಯಿತು, 2014ರಲ್ಲಿ 10 ಕೋಟಿ ಡಾಲರ್ ದಂಡಕ್ಕೆ ಒಪ್ಪಂದವಾಯಿತು.

ಭಾರತದಲ್ಲೂ 2022–23ರಿಂದ ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಕಿಲೋಮೀಟರಿಗೆ 113 ಗ್ರಾಂ ಇಂಗಾಲದ ಡೈಆಕ್ಸೈಡಿನ ಆಸುಪಾಸಿನಲ್ಲಿರಬೇಕೆಂಬ ನಿಯಮವಿದೆ. ಅಳೆಯುವುದು ಇದೇ ಗೆರೆಯಿಂದ. ಹಾಗಾಗಿ ಗೆರೆಗೆ ತಕ್ಕಂತೆ ಕಾರು ಹದಗೊಳ್ಳುವುದು ಇಲ್ಲಿಯೂ ತಪ್ಪದು.

ಗೆರೆ ಬದಲಿಸಿದರೆ?

ಅಮೆರಿಕದವರು ಬಹಳ ಹಿಂದೆಯೇ ಸರಳ ದಾರಿ ಹಿಡಿದರು. 1985ರ ಮಾದರಿಗಳಿಂದ ಪ್ರಯೋಗಾಲಯದ ನಗರದ ಅಂಕಿಯಲ್ಲಿ ಶೇ 10, ಹೆದ್ದಾರಿಯ ಅಂಕಿಯಲ್ಲಿ ಶೇ 22 ಕಳೆದು ಕಾರಿನ ಮೇಲಿನ ಚೀಟಿಯಲ್ಲಿ ಬರೆಯತೊಡಗಿದರು. 2008ರ ಮಾದರಿಗಳಿಂದ ವೇಗದ ಓಟ, ಬಿಸಿಲಲ್ಲಿ ಎಸಿ, ಮರಗಟ್ಟುವ ಚಳಿ ಇವನ್ನೂ ಸೇರಿಸಿ ಐದು ಪರೀಕ್ಷೆಗಳ ಲೆಕ್ಕ ತಂದರು. ಯುರೋಪು 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಗೆರೆಗೆ ಬದಲಾಯಿತು. ಅದು 30 ನಿಮಿಷದ, 23 ಕಿಲೋಮೀಟರಿನ ಓಟ, ವೇಗ 131ರ ತನಕ ಹೋಗುತ್ತದೆ, ಏರಿಳಿತಗಳೂ ನಿಜವಾದ ರಸ್ತೆಯಿಂದ ದಾಖಲಿಸಿದವು.

ಇಷ್ಟಾದರೂ ಅಂತರ ಅಳಿಯಲಿಲ್ಲ. ಈಗ ಅಲ್ಲಿನ ಹೊಸ ಕಾರುಗಳೊಳಗೇ ಇಂಧನದ ಲೆಕ್ಕ ಇಡುವ ಉಪಕರಣವಿದೆ. 2021ರಲ್ಲಿ ನೋಂದಣಿಯಾದ ಕಾರುಗಳ ಆ ದಾಖಲೆಗಳನ್ನು ನೋಡಿ ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿದ್ದು: ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ರಸ್ತೆಯಲ್ಲಿ ಹೊಸ ಪರೀಕ್ಷೆಯ ಅಂಕಿಗಿಂತಲೂ ಸುಮಾರು ಶೇ 20 ಹೆಚ್ಚು ಖರ್ಚು ಮಾಡುತ್ತಿವೆ. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್‌ಗಳದ್ದಂತೂ ಮೂರೂವರೆ ಪಟ್ಟು, ಏಕೆಂದರೆ ಪರೀಕ್ಷೆ ಎಣಿಸಿದಷ್ಟು ಸಲ ಮಾಲೀಕರು ಪ್ಲಗ್ ಹಾಕುವುದಿಲ್ಲ. ಗೆರೆ ಎಷ್ಟೇ ಒಳ್ಳೆಯದಾದರೂ ಅದು ಒಂದೇ ಗೆರೆ, ರಸ್ತೆಗಳು ಲಕ್ಷಾಂತರ.

ನಿಮ್ಮ ಅಂಕಿ ನೀವೇ ಅಳೆಯಿರಿ

ಹಾಗಾದರೆ ಮಾಲೀಕರ 13 ಎಂಬ ಅಂಕಿ ನಿಜವೇ? ಅದನ್ನೂ ಪ್ರಶ್ನಿಸಬೇಕು. ಐನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿ, ಮುಳ್ಳು ಮತ್ತೆ ಅಲ್ಲಿಗೆ ಬರುವವರೆಗೆ ಓಡಿಸಿ ಹೇಳುವ ಮೈಲೇಜಿಗೆ ಅರ್ಥವಿಲ್ಲ, ಮುಳ್ಳು ಒಂದೆರಡು ಲೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಡ್ಯಾಶ್‌ಬೋರ್ಡಿನ ಸರಾಸರಿಯೂ ಇಂಜಿನ್ ತನ್ನ ಲೆಕ್ಕದಿಂದ ಹೇಳುವ ಅಂದಾಜು, ಎಷ್ಟೋ ಕಾರುಗಳಲ್ಲಿ ಅದು ಸ್ವಲ್ಪ ಉದಾರಿ.

ಸರಿಯಾದ ಕ್ರಮ ಹೀಗೆ. ಟ್ಯಾಂಕ್ ಫುಲ್ ಮಾಡಿಸಿ, ಬಂಕಿನ ನಾಜಲ್ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೇ ನಿಲ್ಲಿಸಲು ಹೇಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಮೂರು ಸಲ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ನಾಜಲ್‌ನಲ್ಲಿ, ಮೊದಲ ಕಟ್‌ವರೆಗೆ ಫುಲ್ ಮಾಡಿಸಿ ಬಿಲ್ ಇಟ್ಟುಕೊಳ್ಳಿ. ಮೂರು ಬಿಲ್‌ಗಳಲ್ಲಿ 28.4, 30.1 ಮತ್ತು 26.5 ಲೀಟರ್ ಇದೆ ಎನ್ನಿ, ಒಟ್ಟು 85. ಟ್ರಿಪ್ ಮೀಟರ್ 1,241 ಕಿ.ಮೀ. ತೋರಿಸುತ್ತಿದೆ. ಭಾಗಿಸಿದರೆ 14.6. ಒಂದೇ ಸಲ ಹತ್ತು ಲೀಟರ್ ಹಾಕಿಸಿ ಅಳೆದರೆ ಒಂದು ಲೀಟರಿನ ಏರುಪೇರೂ ಶೇ 10ರ ತಪ್ಪಾಗುತ್ತದೆ, 85 ಲೀಟರಿನಲ್ಲಿ ಅದು ಶೇ 1ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ.

ಬಂಕಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ. ಹಾಗಾಗಿ ಈ ಮಿಶ್ರಣದ ಲೀಟರಿನಲ್ಲಿ ಬರೀ ಪೆಟ್ರೋಲಿಗಿಂತ ಶೇ 6ರಿಂದ 7, ಹಿಂದಿನ ಶೇ 10ರ ಮಿಶ್ರಣಕ್ಕಿಂತ ಶೇ 3ರಿಂದ 4 ಶಕ್ತಿ ಕಡಿಮೆ. ನಾಲ್ಕೈದು ವರ್ಷ ಹಳೆಯ ಕಾರಿನ ಅಧಿಕೃತ ಅಂಕಿಯನ್ನು ಇಂದಿನ ಬಿಲ್‌ಗೆ ಹೋಲಿಸುವಾಗ ಇದನ್ನೂ ಕಳೆಯಬೇಕು.

ಈ ಅಂಕಿ ಕೈಯಲ್ಲಿದ್ದರೆ ಕಾರಿನ ನಿಜವಾದ ದೋಷವೂ ಸಿಕ್ಕಿಬೀಳುತ್ತದೆ. 21ರ ಎದುರು 14.6 ಇಟ್ಟು ಸರ್ವಿಸ್ ಸೆಂಟರ್‌ಗೆ ಹೋದರೆ ಅವರಿಗೆ ಹೇಳಲು ನೂರು ಕಾರಣಗಳಿವೆ. ಅದೇ ದಾರಿಯಲ್ಲಿ, ಅದೇ ರೀತಿ ಅಳೆದಾಗ ನಿನ್ನೆಯ 14.6 ಇಂದು 12ಕ್ಕೆ ಇಳಿದಿದ್ದರೆ ಅದು ಬೇರೆ ಮಾತು. ಮೊದಲು ಟೈರಿನ ಗಾಳಿ ನೋಡಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಡಿಸ್ಕ್ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಎಷ್ಟು ಓಡಿಸಿದರೂ ಇಂಜಿನ್ ಬಿಸಿಯ ಮುಳ್ಳು ಮಧ್ಯಕ್ಕೆ ಬರದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು, ತಣ್ಣಗಿನ ಇಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ.

ಅಧಿಕೃತ ಅಂಕಿಯನ್ನು ಎಸೆಯುವಂತಿಲ್ಲ. ಕೊಳ್ಳುವ ಮೊದಲು ಒಂದೇ ಬಗೆಯ ಎರಡು ಕಾರುಗಳನ್ನು ಹೋಲಿಸಲು ಅದು ಒಳ್ಳೆಯ ಅಳತೆಗೋಲು. ಒಂದಕ್ಕೆ 21, ಇನ್ನೊಂದಕ್ಕೆ 18 ಎಂದಿದ್ದರೆ, ಬೆಂಗಳೂರಿನಲ್ಲಿ ಅವು ಹೆಚ್ಚು ಕಡಿಮೆ ಅದೇ ಅನುಪಾತದಲ್ಲಿ 13 ಮತ್ತು 11 ಆಗುತ್ತವೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಕರಪತ್ರದ ಲೆಕ್ಕದಲ್ಲಿ ಇವೆರಡರ ವ್ಯತ್ಯಾಸ 95 ಲೀಟರ್, ರಸ್ತೆಯ ಲೆಕ್ಕದಲ್ಲಿ 150 ಲೀಟರಿಗೂ ಹೆಚ್ಚು. ಹೈಬ್ರಿಡ್ಡನ್ನು ಸಾದಾ ಕಾರಿಗೆ ಹೋಲಿಸುವಾಗ ಮಾತ್ರ ಈ ಅನುಪಾತವನ್ನು ನಂಬಬೇಡಿ. ಕಾರು ಮನೆಗೆ ಬಂದ ಮೇಲೆ ಕರಪತ್ರವನ್ನು ಮಡಚಿಟ್ಟು ಮೂರು ಬಿಲ್‌ಗಳನ್ನು ಕೂಡಿಟ್ಟುಕೊಳ್ಳಿ. ಆಮೇಲೆ ಬೀದಿಯಲ್ಲಿ ಯಾರಾದರೂ ‘ಎಷ್ಟು ಕೊಡುತ್ತೆ?’ ಎಂದು ಕೇಳಿದರೆ, ಅಂಕಿಯ ಜೊತೆಗೆ ನಿಮ್ಮ ಆಫೀಸಿನ ದಾರಿಯನ್ನೂ ಹೇಳಿ.